ಖಾತೆಯಲ್ಲಿ ಜನ್ಮದಿನಾಂಕ ತಪ್ಪಾಗಿ ನಮೂದಾಗಿದ್ದರೆ ಸರಿಪಡಿಸುವುದು ಹೇಗೆ: ಗೂಗಲ್ ಖಾತೆಗೆ ಸಮಗ್ರ ಮಾರ್ಗದರ್ಶಿ

ನನ್ನ ಅತ್ತಿಗೆ 1978ರಲ್ಲಿ ಹುಟ್ಟಿದವರು. 2024ರ ಅಕ್ಟೋಬರಿನಲ್ಲಿ ಅವರು ಮೊಣಕಾಲಿನ ಶಸ್ತ್ರಚಿಕಿತ್ಸೆಯ ವಿಡಿಯೊ ಒಂದನ್ನು ಯೂಟ್ಯೂಬಿನಲ್ಲಿ ನೋಡಲು ಹೋದಾಗ, ಅದು ವಯಸ್ಕರಿಗೆ ಮಾತ್ರ ಎಂದು ತೆರೆಯಲೇ ಇಲ್ಲ. ಇಂಟರ್‌ನೆಟ್ ಸರಿಯಿಲ್ಲ ಎಂದು ಎರಡು ದಿನ ಸುಮ್ಮನಿದ್ದರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಖಾತೆಯ ಜನ್ಮದಿನಾಂಕದ ಪುಟ ತೆರೆದು ನೋಡಿದರೆ ಅಲ್ಲಿದ್ದುದು 14 ಜುಲೈ 2008. ದಿನವೂ ತಿಂಗಳೂ ಅವರದ್ದೇ, ಇಸವಿ ಮಾತ್ರ ಅವರ ಮಗನದ್ದು. ಎರಡು ವರ್ಷದ ಹಿಂದೆ ಹೊಸ ಮೊಬೈಲ್ ತಂದ ದಿನ ತಾಯಿಗೆ ಖಾತೆ ತೆರೆದುಕೊಟ್ಟವನು ಅವನೇ. ಇಸವಿ ಕೇಳಿದಾಗ ಅವನ ಬೆರಳು ಅಭ್ಯಾಸಬಲದಿಂದ ತನ್ನ ಇಸವಿಯನ್ನೇ ಒತ್ತಿತ್ತು. ಗೂಗಲ್‌ನ ಲೆಕ್ಕದಲ್ಲಿ ನನ್ನ ಅತ್ತಿಗೆಗೆ ಹದಿನಾರು ವರ್ಷ.

ಇಂಥ ತಪ್ಪು ಅಪರೂಪವಲ್ಲ. ಮನೆಯ ಹಿರಿಯರ ಖಾತೆಗಳನ್ನು ಕಿರಿಯರು ತೆರೆದುಕೊಡುತ್ತಾರೆ. ನಿಜವಾದ ದಿನಾಂಕ ಕೊಡಲು ಹಿಂಜರಿದು ಬಾಯಿಗೆ ಬಂದ ಇಸವಿ ಹಾಕುವವರಿದ್ದಾರೆ. ಸಂಘದ ಹೆಸರಿನ ಖಾತೆಗೆ ಸಂಘ ಹುಟ್ಟಿದ ದಿನವನ್ನೇ ಜನ್ಮದಿನವೆಂದು ಬರೆಯುವವರೂ ಇದ್ದಾರೆ. ತಪ್ಪು ನಡೆದ ದಿನ ಏನೂ ತಿಳಿಯುವುದಿಲ್ಲ. ತಿಂಗಳುಗಳ ನಂತರ ಯಾವುದೋ ಒಂದು ಸೌಲಭ್ಯ ಬಾಗಿಲು ಮುಚ್ಚಿದಾಗಲೇ ತಿಳಿಯುತ್ತದೆ. ಅತಿ ಹೆಚ್ಚು ಜನರ ಬಳಿ ಇರುವುದು ಗೂಗಲ್ ಖಾತೆಯಾದ್ದರಿಂದ ಅದನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ. ಉಳಿದ ಕೆಲವು ಸೇವೆಗಳ ವಿಷಯ ಕೊನೆಯಲ್ಲಿದೆ.

ಮೊದಲು: ತಡೆಗೆ ಕಾರಣ ದಿನಾಂಕವೇ ಎಂದು ಖಚಿತಪಡಿಸಿಕೊಳ್ಳಿ

ಸೌಲಭ್ಯ ಸಿಗದಿದ್ದ ಕೂಡಲೇ ದಿನಾಂಕ ತಿದ್ದಲು ಹೋಗಬೇಡಿ. ಮೊದಲು ಅಲ್ಲಿ ಏನಿದೆ ಎಂದು ನೋಡಿ. ಬ್ರೌಸರಿನಲ್ಲಿ myaccount.google.com ಎಂದು ನೀವೇ ಟೈಪ್ ಮಾಡಿ ಒಳಗೆ ಹೋಗಿ. ‘Personal info’ ಎಂಬ ವಿಭಾಗದಲ್ಲಿ ‘Birthday’ ಎಂಬ ಸಾಲಿದೆ. ಮೊಬೈಲಿನ ಭಾಷೆ ಕನ್ನಡವಾಗಿದ್ದರೆ ಈ ಹೆಸರುಗಳೂ ಕನ್ನಡದಲ್ಲೇ ಕಾಣಿಸುತ್ತವೆ. ಮೊಬೈಲಿನಲ್ಲಿ ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ, ಮೇಲಿನ ಮೂಲೆಯ ಚಿತ್ರವನ್ನು ಒತ್ತಿ ಯಾವ ಖಾತೆಯಲ್ಲಿದ್ದೀರಿ ಎಂದು ನೋಡಿಕೊಳ್ಳಿ. ಒಂದು ಖಾತೆಯ ದಿನಾಂಕ ನೋಡಿ ನಿಟ್ಟುಸಿರು ಬಿಟ್ಟು, ಯೂಟ್ಯೂಬಿನಲ್ಲಿ ಇನ್ನೊಂದು ಖಾತೆಯಿಂದ ಒದ್ದಾಡುವವರನ್ನು ನಾನು ಕಂಡಿದ್ದೇನೆ.

ಅಲ್ಲಿರುವ ದಿನಾಂಕ ಸರಿಯಾಗಿಯೇ ಇದ್ದರೆ ಕಾರಣ ಬೇರೆ ಕಡೆ ಇದೆ. ಯೂಟ್ಯೂಬಿನಲ್ಲಿ ‘Restricted Mode’ ಎಂಬ ಸೋಸುವ ವ್ಯವಸ್ಥೆಯಿದೆ. ಅದು ಚಾಲೂ ಆಗಿದ್ದರೆ ಕೆಲವು ವಿಡಿಯೊಗಳು ಹುಡುಕಿದರೂ ಸಿಗುವುದಿಲ್ಲ, ಸಿಕ್ಕಿದ ವಿಡಿಯೊಗಳ ಕೆಳಗೆ ಪ್ರತಿಕ್ರಿಯೆಗಳೂ ಕಾಣುವುದಿಲ್ಲ. ಎಲ್ಲ ವಿಡಿಯೊಗಳಲ್ಲೂ ಪ್ರತಿಕ್ರಿಯೆಗಳು ಮಾಯವಾಗಿದ್ದರೆ ಅದು ಈ ವ್ಯವಸ್ಥೆಯ ಗುರುತು. ಜನ್ಮದಿನಾಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಆ ಮೊಬೈಲಿನಲ್ಲಿ ಯಾರೋ ಹಾಕಿರಬಹುದು, ಕಚೇರಿ ಅಥವಾ ಗ್ರಂಥಾಲಯದ ಜಾಲವೂ ಹೇರಿರಬಹುದು. ಅದೇ ಖಾತೆಯನ್ನು ಬೇರೊಂದು ಮೊಬೈಲಿನಲ್ಲಿ, ಬೇರೊಂದು ಸಂಪರ್ಕದಲ್ಲಿ ತೆರೆದರೆ ಉತ್ತರ ಸಿಗುತ್ತದೆ.

ಶಾಲೆ, ಕಾಲೇಜು ಅಥವಾ ಕಚೇರಿ ಕೊಟ್ಟ ಖಾತೆಯಾದರೆ ಕಥೆಯೇ ಬೇರೆ. ಅಂಥ ಖಾತೆಗಳಲ್ಲಿ ಯಾರು ವಯಸ್ಕರು ಎಂಬುದನ್ನು ಆ ಸಂಸ್ಥೆಯ ಖಾತೆ ನಿರ್ವಾಹಕರು ಗುರುತು ಮಾಡಿರುತ್ತಾರೆ. ಕಾಲೇಜಿನ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿಗೂ ಯೂಟ್ಯೂಬ್ ಕಟ್ಟುನಿಟ್ಟಾಗಿ ಕಾಣಿಸುವುದು ಇದೇ ಕಾರಣಕ್ಕೆ. ಅಲ್ಲಿ ನೀವು ಎಷ್ಟು ಪುಟ ತಿರುವಿದರೂ ಫಲವಿಲ್ಲ, ನಿರ್ವಾಹಕರಿಗೆ ಪತ್ರ ಬರೆಯಬೇಕು.

ದಿನಾಂಕ ಸರಿಯಿದ್ದೂ, ಮೇಲಿನ ಎರಡೂ ಕಾರಣ ಇಲ್ಲದೆಯೂ ವಯಸ್ಸಿನ ಪುರಾವೆ ಕೇಳಿದರೆ ಗಾಬರಿಯಾಗಬೇಡಿ. ಯುರೋಪಿನ ಹಲವು ದೇಶಗಳಲ್ಲಿ ವಯಸ್ಕರ ವಿಡಿಯೊ ನೋಡಲು ನೀವು ಬರೆದುಕೊಟ್ಟ ದಿನಾಂಕವಷ್ಟೇ ಸಾಲದು, ಪುರಾವೆಯೂ ಬೇಕು. ಅಮೆರಿಕದಲ್ಲಿ 2025ರ ಆಗಸ್ಟ್‌ನಿಂದ ಯೂಟ್ಯೂಬ್, ಖಾತೆಯ ಬಳಕೆಯ ರೀತಿಯನ್ನು ನೋಡಿ ವಯಸ್ಸನ್ನು ಅಂದಾಜಿಸಲು ಆರಂಭಿಸಿದೆ. ಆ ಅಂದಾಜು ತಪ್ಪಾದರೆ ವಯಸ್ಕರೂ ಪುರಾವೆ ತೋರಿಸಬೇಕಾಗುತ್ತದೆ. ಇವೆರಡರಲ್ಲೂ ದಿನಾಂಕ ತಿದ್ದುವ ಕೆಲಸವೇ ಇಲ್ಲ, ಕೆಳಗೆ ಬರುವ ಪುರಾವೆಯ ಭಾಗಕ್ಕೆ ನೇರವಾಗಿ ಹೋಗಬಹುದು.

ತಪ್ಪು ಯಾವ ಗೆರೆಯನ್ನು ದಾಟಿದೆ?

ದಿನಾಂಕ ತಪ್ಪಾಗಿದೆ ಎಂದು ಖಚಿತವಾದ ಮೇಲೆ, ಆ ತಪ್ಪು ನಿಮ್ಮನ್ನು ಎಲ್ಲಿ ನಿಲ್ಲಿಸಿದೆ ಎಂದು ಲೆಕ್ಕ ಹಾಕಿ. ಇಲ್ಲಿ ಎರಡು ಗೆರೆಗಳಿವೆ: 13 ಮತ್ತು 18.

ಹದಿಮೂರರ ಗೆರೆ ಬಂದಿದ್ದು ಅಮೆರಿಕದ 1998ರ ಕಾನೂನಿನಿಂದ. ಹದಿಮೂರು ತುಂಬದ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು ಎಂದು ಅದು ಹೇಳುತ್ತದೆ. ಅದು ಜಾರಿಗೆ ಬಂದದ್ದು 2000ದಲ್ಲಿ. ಖಾತೆಯನ್ನು ಸ್ವತಃ ನಿಭಾಯಿಸುವ ವಯಸ್ಸು ಬಹುತೇಕ ದೇಶಗಳಲ್ಲಿ 13, ಕೆಲವೆಡೆ ಅದಕ್ಕಿಂತ ಹೆಚ್ಚು. ಈ ಗೆರೆಯ ಕೆಳಗೆ ಬಿದ್ದರೆ ಖಾತೆಯೇ ಅಪಾಯದಲ್ಲಿದೆ. ಹದಿನೆಂಟರ ಗೆರೆಯ ಕೆಳಗೆ ಬಿದ್ದರೆ ಖಾತೆ ಉಳಿಯುತ್ತದೆ, ಆದರೆ ಅದು ಹದಿಹರೆಯದವರ ಖಾತೆ: ವಯಸ್ಕರ ವಿಡಿಯೊಗಳು ತೆರೆಯುವುದಿಲ್ಲ, ಹುಡುಕಾಟದ ಫಲಿತಾಂಶಗಳನ್ನು ಸೋಸಲಾಗುತ್ತದೆ, ನೀವು ಏರಿಸುವ ವಿಡಿಯೊಗಳು ಮೊದಲಿಗೆ ಖಾಸಗಿಯಾಗಿಯೇ ಉಳಿಯುತ್ತವೆ. ಯೂಟ್ಯೂಬಿನಲ್ಲಿ ಒಬ್ಬರೇ ನೇರಪ್ರಸಾರ ಮಾಡಲು 2025ರ ಜುಲೈನಿಂದ 16 ವರ್ಷ ಆಗಿರಬೇಕು.

ಅತ್ತಿಗೆಯ ಖಾತೆಯ ಲೆಕ್ಕ ಹೀಗಿತ್ತು. ಖಾತೆ ತೆರೆದದ್ದು 2022ರಲ್ಲಿ. 2008ರ ಪ್ರಕಾರ ಆಗ ವಯಸ್ಸು 14. ಹದಿಮೂರು ದಾಟಿದ್ದರಿಂದ ಖಾತೆ ಸಲೀಸಾಗಿ ತೆರೆಯಿತು, ಯಾರೂ ಏನೂ ಕೇಳಲಿಲ್ಲ. ಮಗ ತಪ್ಪಿ 2018 ಎಂದು ಒತ್ತಿದ್ದರೆ ಅಲ್ಲೇ ಪೋಷಕರ ಒಪ್ಪಿಗೆ ಕೇಳುತ್ತಿತ್ತು, ತಪ್ಪು ಅಂದೇ ಗೊತ್ತಾಗುತ್ತಿತ್ತು. ಸಣ್ಣ ತಪ್ಪೇ ಹೆಚ್ಚು ಕಾಲ ಅಡಗಿ ಕೂರುವುದು ಹೀಗೆ.

ಈ ಇಡೀ ವಿಷಯದಲ್ಲಿ ನೆನಪಿಡಲೇಬೇಕಾದ ಮಾತು ಒಂದಿದೆ. ನೀವು ಚಿಕ್ಕವರು ಎಂದು ಬರೆದರೆ ವ್ಯವಸ್ಥೆ ತಕ್ಷಣ ನಂಬುತ್ತದೆ. ದೊಡ್ಡವರು ಎಂದು ಬರೆದರೆ ಪುರಾವೆ ಕೇಳುತ್ತದೆ. ಮಗುವನ್ನು ವಯಸ್ಕನೆಂದು ನಂಬಿದರೆ ಸಂಸ್ಥೆ ಕಾನೂನಿಗೆ ಉತ್ತರಿಸಬೇಕು. ವಯಸ್ಕನನ್ನು ಮಗುವೆಂದು ನಂಬಿದರೆ ಅದಕ್ಕೆ ಅಂಥ ಭಯವಿಲ್ಲ, ತೊಂದರೆಯೆಲ್ಲ ನಿಮಗೇ. ಆದ್ದರಿಂದ ಇಳಿಯುವುದು ಒಂದು ಒತ್ತಿನ ಕೆಲಸ, ಹತ್ತುವುದು ದಾಖಲೆಯ ಕೆಲಸ. 2019ರ ಮಾರ್ಚ್‌ನಲ್ಲಿ ಟ್ವಿಟರ್‌ನಲ್ಲಿ ಒಂದು ಗಾಳಿಸುದ್ದಿ ಹಬ್ಬಿತ್ತು: ಜನ್ಮ ಇಸವಿಯನ್ನು 2007 ಎಂದು ಬದಲಿಸಿದರೆ ಪರದೆಗೆ ಹೊಸ ಬಣ್ಣಗಳು ಬರುತ್ತವೆ ಎಂದು. ನಂಬಿ ಬದಲಿಸಿದವರು ಆ ಕ್ಷಣದಲ್ಲೇ ಹದಿಮೂರು ತುಂಬದವರಾಗಿ, ತಮ್ಮ ಖಾತೆಯಿಂದ ತಾವೇ ಹೊರಬಿದ್ದರು. ಹಾಗೆ ಮಾಡಬೇಡಿ ಎಂದು ಸಂಸ್ಥೆಯೇ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು.

ಹೀಗಾಗಿ ‘ಬದಲಾಗುತ್ತದೆಯೇ ನೋಡೋಣ’ ಎಂದು ಯಾವ ದಿನಾಂಕವನ್ನೂ ಪರೀಕ್ಷೆಗೆ ಹಾಕಿ ನೋಡಬೇಡಿ. ನಿಮ್ಮ ತಪ್ಪು 1978ರ ಬದಲು 1987 ಎಂಬಂಥದ್ದಾಗಿದ್ದರೆ ಎರಡೂ ಗೆರೆಯ ಮೇಲೇ ಇವೆ. ಸಾಮಾನ್ಯವಾಗಿ ಯಾವ ಪ್ರಶ್ನೆಯೂ ಇಲ್ಲದೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಗೆರೆ ದಾಟಬೇಕಾದವರಿಗೆ ಮುಂದಿನ ಸಿದ್ಧತೆ ಬೇಕು.

ತಿದ್ದುವ ಮುನ್ನ ದಾಖಲೆ ಕೈಯಲ್ಲಿರಲಿ

ಹೊಸದಾಗಿ ಬರೆಯುವ ದಿನಾಂಕ ನಿಮ್ಮ ಸರ್ಕಾರಿ ಗುರುತಿನ ಚೀಟಿಯಲ್ಲಿ ಇರುವ ದಿನಾಂಕವೇ ಆಗಿರಬೇಕು. ಕೆಲವರ ನಿಜವಾದ ಹುಟ್ಟಿದ ದಿನವೇ ಒಂದು, ದಾಖಲೆಯಲ್ಲಿರುವುದು ಇನ್ನೊಂದು. ಮನೆಯವರು ಹಾರೈಸುವ ದಿನ ಯಾವುದೇ ಇರಲಿ, ಖಾತೆಗೆ ದಾಖಲೆಯ ದಿನವನ್ನೇ ಕೊಡಿ. ಪುರಾವೆಯನ್ನು ಪರಿಶೀಲಿಸುವವರು ಹೋಲಿಸುವುದು ಚೀಟಿಯ ಮೇಲಿನ ದಿನಾಂಕವನ್ನು ಮಾತ್ರ, ನಿಮ್ಮ ತಾಯಿಯ ನೆನಪನ್ನಲ್ಲ.

ಒಂದಕ್ಕಿಂತ ಹೆಚ್ಚು ಗುರುತಿನ ಚೀಟಿಗಳಿದ್ದು ಅವುಗಳ ದಿನಾಂಕ ಹೊಂದದಿದ್ದರೆ, ಯಾವುದನ್ನು ತೋರಿಸುತ್ತೀರಿ ಎಂದು ಈಗಲೇ ತೀರ್ಮಾನಿಸಿ. ಅವಧಿ ಮುಗಿಯದ, ಭಾವಚಿತ್ರವಿರುವ, ಹುಟ್ಟಿದ ದಿನ–ತಿಂಗಳು–ಇಸವಿ ಮೂರೂ ಸ್ಪಷ್ಟವಾಗಿ ಅಚ್ಚಾದ ಚೀಟಿ ಬೇಕು. ಇಸವಿಯೊಂದೇ ಅಚ್ಚಾಗಿರುವ ಚೀಟಿಯಿಂದ ದಿನಾಂಕ ಸಾಬೀತಾಗುವುದಿಲ್ಲ. ಆರಿಸಿದ ಚೀಟಿಯನ್ನು ಎದುರಿಗಿಟ್ಟು, ದಿನಾಂಕವನ್ನು ಒಂದು ಹಾಳೆಯ ಮೇಲೆ ತಿಂಗಳ ಹೆಸರಿನೊಂದಿಗೆ ಬರೆದುಕೊಳ್ಳಿ: 14 ಜುಲೈ 1978. ಅಂಕಿಯಲ್ಲಿ ಮಾತ್ರ ಬರೆದರೆ ಆಗುವ ಎಡವಟ್ಟಿನ ವಿಷಯ ಮುಂದೆ ಬರುತ್ತದೆ.

ಖಾತೆಯಲ್ಲಿ ವರ್ಷಗಳ ಫೋಟೊ, ಪತ್ರಗಳಿದ್ದರೆ ಒಂದು ಪ್ರತಿ ಇಳಿಸಿಟ್ಟುಕೊಳ್ಳುವುದು ಜಾಣತನ. takeout.google.com ಎಂಬಲ್ಲಿ ಆ ಅವಕಾಶವಿದೆ. ಖಾತೆ ಇನ್ನೂ ಕೆಲಸ ಮಾಡುತ್ತಿರುವಾಗಲೇ ಇದನ್ನು ಮಾಡಬೇಕು. ದೊಡ್ಡ ಖಾತೆಯಾದರೆ ಪ್ರತಿ ಸಿದ್ಧವಾಗಲು ಗಂಟೆಗಳು, ಕೆಲವೊಮ್ಮೆ ದಿನಗಳು ಹಿಡಿಯುತ್ತವೆ.

ತಿದ್ದುವ ಕ್ರಮ

ಗುಪ್ತಪದ ನೆನಪಿದೆಯೇ, ಖಾತೆಗೆ ಜೋಡಿಸಿದ ಫೋನ್ ಸಂಖ್ಯೆ ಇನ್ನೂ ನಿಮ್ಮ ಬಳಿಯಿದೆಯೇ ಎಂದು ನೋಡಿಕೊಂಡು ಕುಳಿತುಕೊಳ್ಳಿ. ನೀವು ದಿನವೂ ಬಳಸುವ ಮೊಬೈಲಿನಿಂದಲೇ ಈ ಕೆಲಸ ಮಾಡುವುದು ಒಳ್ಳೆಯದು. ಅಪರಿಚಿತ ಕಂಪ್ಯೂಟರಿನಿಂದ ಹೋದರೆ ‘ಇದು ನೀವೇನಾ’ ಎಂಬ ಹೆಚ್ಚಿನ ಪ್ರಶ್ನೆಗಳು ಎದುರಾಗುತ್ತವೆ.

myaccount.google.com ತೆರೆದು ‘Personal info’ಗೆ ಹೋಗಿ, ‘Birthday’ ಸಾಲನ್ನು ಒತ್ತಿ. ತಿದ್ದುಪಡಿಯ ಗುರುತು ಒತ್ತಿದರೆ ದಿನ, ತಿಂಗಳು, ಇಸವಿಯ ಮೂರು ಮನೆಗಳು ಕಾಣುತ್ತವೆ. ತಿಂಗಳನ್ನು ಪಟ್ಟಿಯಿಂದ ಆರಿಸಿ, ದಿನ ಮತ್ತು ಇಸವಿಯನ್ನು ಬರೆಯಿರಿ. ಉಳಿಸುವ ಮುನ್ನ ಕೈ ತೆಗೆದು, ಹಾಳೆಯ ಮೇಲೆ ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿ ಪರದೆಯೊಂದಿಗೆ ತಾಳೆ ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಂದಲೂ ಓದಿಸಿ. ಆಮೇಲೆ ಉಳಿಸಿ.

ಈಗ ಮೂರರಲ್ಲಿ ಒಂದು ನಡೆಯುತ್ತದೆ. ಹೊಸ ದಿನಾಂಕ ಹಾಗೆಯೇ ಉಳಿದು ಕೆಲಸ ಮುಗಿಯಬಹುದು. ವಯಸ್ಸಿನ ಪುರಾವೆ ಕೊಡಿ ಎಂಬ ಪುಟ ತೆರೆಯಬಹುದು. ಅಥವಾ ಸದ್ಯಕ್ಕೆ ಬದಲಿಸಲಾಗದು ಎಂದು ಹೇಳಬಹುದು. ಮೂರನೆಯದು ಬಂದರೆ ಮತ್ತೆ ಮತ್ತೆ ಒತ್ತಬೇಡಿ. ಪದೇ ಪದೇ ದಿನಾಂಕ ಬದಲಿಸುವ ಖಾತೆಯನ್ನು ಎಲ್ಲ ಸೇವೆಗಳೂ ಅನುಮಾನದಿಂದಲೇ ನೋಡುತ್ತವೆ. ಕೆಲವು ದಿನ ಬಿಟ್ಟು ಒಮ್ಮೆ ಪ್ರಯತ್ನಿಸಿ.

ಇನ್ನೊಂದು ಎಚ್ಚರಿಕೆ. ಪುರಾವೆಯ ಪುಟದ ಜೊತೆಗೇ ಕೆಲವೊಮ್ಮೆ ಪೋಷಕರ ಮೇಲ್ವಿಚಾರಣೆಗೆ ಒಪ್ಪಿಸುವ ದಾರಿಯೂ ಕಾಣುತ್ತದೆ. ಅದರ ಹೆಸರು ‘Family Link’. ಬೇಗ ಮುಗಿದರೆ ಸಾಕು ಎಂದು ವಯಸ್ಕರು ಅದನ್ನು ಒತ್ತಿಬಿಡುವುದುಂಟು. ಅದು ನಿಜವಾಗಿಯೂ ಮಕ್ಕಳಾಗಿರುವವರ ದಾರಿ. ಅದನ್ನು ಒತ್ತಿದರೆ ‘ನಾನು ಮಗು’ ಎಂದು ನೀವೇ ಒಪ್ಪಿಕೊಂಡಂತೆ, ಖಾತೆಯ ಬೀಗದ ಕೈ ಇನ್ನೊಬ್ಬರ ಕೈಗೆ ಹೋಗುತ್ತದೆ.

ಪುರಾವೆ ಕೇಳಿದಾಗ

ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಕ್ರೆಡಿಟ್ ಕಾರ್ಡ್ ಅಥವಾ ಗುರುತಿನ ಚೀಟಿಯ ಫೋಟೊ. ಕೆಲವು ದೇಶಗಳಲ್ಲಿ ಮುಖದ ಫೋಟೊದಿಂದ ವಯಸ್ಸು ಅಂದಾಜಿಸುವ ದಾರಿಯನ್ನೂ ಕೊಡುತ್ತಾರೆ. ನಿಮ್ಮ ಪರದೆಯ ಮೇಲೆ ಯಾವುದು ಕಾಣುತ್ತದೆಯೋ ಅಷ್ಟೇ ನಿಮಗೆ ಲಭ್ಯ.

ನಿಮ್ಮದೇ ಹೆಸರಿನ ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಬಳಸಿ ಎನ್ನುವುದು ನನ್ನ ಸಲಹೆ. ಕಾರ್ಡ್ ನಿಜವೇ ಎಂದು ನೋಡಲು ಬಹಳ ಸಣ್ಣ ಮೊತ್ತವೊಂದನ್ನು ತಾತ್ಕಾಲಿಕವಾಗಿ ತಡೆಹಿಡಿದು ಆಮೇಲೆ ಬಿಟ್ಟುಬಿಡುತ್ತಾರೆ. ಬ್ಯಾಂಕಿನ ಸಂದೇಶ ಬಂದರೆ ಹಣ ಹೋಯಿತೆಂದು ಹೆದರಬೇಕಾಗಿಲ್ಲ. ಇಲ್ಲಿ ಕೇಳುವುದು ಕ್ರೆಡಿಟ್ ಕಾರ್ಡ್. ಕೈಯಲ್ಲಿರುವ ಡೆಬಿಟ್ ಕಾರ್ಡನ್ನು ಹಾಕಿ ‘ಸ್ವೀಕರಿಸುತ್ತಿಲ್ಲ’ ಎಂದು ಪರದಾಡುವವರು ಬಹಳ.

ಕಾರ್ಡಿನ ದಾರಿಯನ್ನು ಮೊದಲು ಹೇಳಲು ಕಾರಣವಿದೆ. ಗುರುತಿನ ಚೀಟಿಯ ಫೋಟೊ ಒಮ್ಮೆ ಕೈಬಿಟ್ಟರೆ ಹಿಂದಕ್ಕೆ ತರಲಾಗದು. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಎಂಬ ಹರಟೆ ಸೇವೆಯ ಸಂಸ್ಥೆ ಒಂದು ವಿಷಯವನ್ನು ತಾನೇ ತಿಳಿಸಿತು: ಅದರ ಗ್ರಾಹಕ ಸೇವೆ ನೋಡಿಕೊಳ್ಳುವ ಹೊರಗಿನ ಕಂಪನಿಯಿಂದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಗಳ ಫೋಟೊಗಳು ಸೋರಿಕೆಯಾಗಿರಬಹುದು ಎಂದು. ಆ ಬಳಕೆದಾರರು ಫೋಟೊ ಕಳಿಸಿದ್ದು ತಮ್ಮ ವಯಸ್ಸಿನ ಬಗ್ಗೆ ಮೇಲ್ಮನವಿ ಸಲ್ಲಿಸಲೆಂದೇ. ಪರಿಶೀಲನೆ ಮುಗಿದ ಮೇಲೆ ಚೀಟಿಯ ಪ್ರತಿಯನ್ನು ಅಳಿಸುವುದಾಗಿ ಗೂಗಲ್ ಹೇಳುತ್ತದೆ. ಆದರೂ ಬೇರೆ ದಾರಿಯಿದ್ದಾಗ ಚೀಟಿಯನ್ನು ಕೊನೆಗೆ ಇಟ್ಟುಕೊಳ್ಳುವುದೇ ಲೇಸು.

ಅತ್ತಿಗೆಯ ಬಳಿ ಕ್ರೆಡಿಟ್ ಕಾರ್ಡ್ ಇರಲಿಲ್ಲ, ಆದ್ದರಿಂದ ಚೀಟಿಯ ದಾರಿಯಲ್ಲೇ ಹೋದೆವು. ಮೊದಲ ಫೋಟೊ ತಿರಸ್ಕೃತವಾಯಿತು. ದೊಡ್ಡದು ಮಾಡಿ ನೋಡಿದಾಗ ಕಾರಣ ನಮ್ಮ ಕಣ್ಣಿಗೇ ಕಂಡಿತು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ, ಮೊಬೈಲಿನ ಫ್ಲಾಶ್ ಹಾಕಿ ತೆಗೆದಿದ್ದೆವು. ಬೆಳಕಿನ ಬಿಳಿ ಮಚ್ಚೆ ನೇರವಾಗಿ ಇಸವಿಯ ಮೇಲೆ ಕೂತಿತ್ತು. 14 ಜುಲೈ 19 ಎಂಬಲ್ಲಿಗೆ ಅಕ್ಷರ ನಿಂತುಹೋಗಿತ್ತು.

ಎರಡನೆಯ ಸಲ ಚೀಟಿಯನ್ನು ಕವರಿನಿಂದ ತೆಗೆದು ಕಿಟಕಿಯ ಹತ್ತಿರ ಒಂದು ಕಪ್ಪು ಪುಸ್ತಕದ ರಟ್ಟಿನ ಮೇಲಿಟ್ಟೆವು. ಫ್ಲಾಶ್ ಆರಿಸಿ, ಮೊಬೈಲನ್ನು ಚೀಟಿಗೆ ನೇರವಾಗಿ ಮೇಲಿನಿಂದ ಹಿಡಿದು, ನಾಲ್ಕೂ ಮೂಲೆ ಚೌಕಟ್ಟಿನ ಒಳಗೆ ಬರುವಂತೆ ತೆಗೆದೆವು. ಬೆರಳು ಅಂಚಿನ ಮೇಲೆ ಬೀಳದಂತೆ ನೋಡಿಕೊಂಡೆವು. ಕಳಿಸುವ ಮೊದಲು ದಿನಾಂಕದ ಜಾಗವನ್ನು ದೊಡ್ಡದು ಮಾಡಿ, ಪ್ರತಿ ಅಂಕಿಯೂ ಓದಲು ಬರುತ್ತದೆಯೇ ಎಂದು ನೋಡಿದೆವು. ಅದು ಸ್ವೀಕೃತವಾಯಿತು. ನಿಮ್ಮ ಫೋಟೊ ತಿರಸ್ಕೃತವಾದರೆ ಅದನ್ನೇ ಮತ್ತೆ ಕಳಿಸಬೇಡಿ. ಮೊದಲು ನೀವೇ ಪರಿಶೀಲಕರಾಗಿ ಅದನ್ನು ನೋಡಿ: ನೆರಳು, ಹೊಳಪು, ಕತ್ತರಿಸಿದ ಮೂಲೆ, ನೆರಳಚ್ಚು ಪ್ರತಿಯ ಫೋಟೊ, ಮೊಬೈಲ್ ಪರದೆಯ ಫೋಟೊ—ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಚೀಟಿಯನ್ನು ಖಾತೆಯ ಒಳಗಿನ ಪುಟದಲ್ಲಿ ಮಾತ್ರ ಏರಿಸಬೇಕು. ಇ–ಮೇಲಿಗೆ ಉತ್ತರವಾಗಿ, ಫೋನ್ ಮಾಡಿದವರಿಗೆ, ‘ಸರಿಮಾಡಿಕೊಡುತ್ತೇನೆ’ ಎಂದು ಹಣ ಕೇಳುವವರಿಗೆ ಎಂದೂ ಕಳಿಸಬಾರದು. ಈ ತಿದ್ದುಪಡಿಗೆ ಗೂಗಲ್ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಹದಿನಾಲ್ಕು ದಿನದ ಎಚ್ಚರಿಕೆ ಬಂದಿದ್ದರೆ

ದಿನಾಂಕದ ಪ್ರಕಾರ ನೀವು ಖಾತೆ ನಿಭಾಯಿಸುವ ವಯಸ್ಸಿಗಿಂತ ಚಿಕ್ಕವರು ಎಂದಾದರೆ, ಗೂಗಲ್ 14 ದಿನಗಳ ಗಡುವು ಕೊಡುತ್ತದೆ. ಅಷ್ಟರಲ್ಲಿ ಸರಿಪಡಿಸದಿದ್ದರೆ ಖಾತೆಯನ್ನು ನಿಷ್ಕ್ರಿಯಗೊಳಿಸುತ್ತದೆ. ಆಮೇಲೂ ಪುರಾವೆ ಕೊಡುವ ಕೆಲಸವನ್ನು ಆರಂಭಿಸದಿದ್ದರೆ 30 ದಿನಗಳ ನಂತರ ಖಾತೆಯನ್ನೂ ಅದರೊಳಗಿನ ಮಾಹಿತಿಯನ್ನೂ ಅಳಿಸುತ್ತದೆ. ಉದಾಹರಣೆಗೆ ಎಚ್ಚರಿಕೆ ಜೂನ್ 3ಕ್ಕೆ ಬಂದಿದ್ದರೆ ಜೂನ್ 17ರವರೆಗೆ ಖಾತೆ ತೆರೆದಿರುತ್ತದೆ. ಆಮೇಲಿನ ಬಾಗಿಲು ಜುಲೈ 17ರ ಹೊತ್ತಿಗೆ ಮುಚ್ಚುತ್ತದೆ. ಮೊದಲ ಹದಿನಾಲ್ಕು ದಿನಗಳೇ ಬೆಲೆಯುಳ್ಳವು. ಪತ್ರಗಳು, ಫೋಟೊಗಳು ಇನ್ನೂ ಕೈಗೆಟುಕುವುದು ಆಗ. ಮೊದಲ ದಿನವೇ ಪ್ರತಿ ಇಳಿಸಲು ಹಾಕಿ, ಅದೇ ದಿನ ಪುರಾವೆಯನ್ನೂ ಕೊಟ್ಟುಬಿಡಿ. ಒಂದು ಫೋಟೊ ತಿರಸ್ಕೃತವಾದರೂ ಇನ್ನೊಂದಕ್ಕೆ ಸಮಯವಿರುತ್ತದೆ.

ಖಾತೆ ಈಗಾಗಲೇ ನಿಷ್ಕ್ರಿಯವಾಗಿದ್ದರೆ, ಎಂದಿನಂತೆ ಹೆಸರು, ಗುಪ್ತಪದ ಹಾಕಿ ಒಳಗೆ ಹೋಗಲು ಪ್ರಯತ್ನಿಸಿ. ವಯಸ್ಸಿನ ಕಾರಣಕ್ಕೆ ಮುಚ್ಚಿದ ಖಾತೆಗೆ ಅಲ್ಲಿಯೇ ಪುರಾವೆ ಕೊಡುವ ದಾರಿ ಕಾಣುತ್ತದೆ. ಹತಾಶೆಯಿಂದ ಹೊಸ ಖಾತೆ ತೆರೆದು ಹಳೆಯದನ್ನು ಮರೆಯುವುದು ಸುಲಭ ಎನ್ನಿಸುತ್ತದೆ. ಬ್ಯಾಂಕು, ಶಾಲೆ, ಕಚೇರಿಗಳೆಲ್ಲ ಹಳೆಯ ವಿಳಾಸಕ್ಕೇ ಪತ್ರ ಕಳಿಸುತ್ತಿವೆ ಎಂಬುದು ಆಮೇಲೆ ನೆನಪಾಗುತ್ತದೆ.

‘ನಿಮ್ಮ ಖಾತೆ 14 ದಿನಗಳಲ್ಲಿ ಅಳಿಸಿಹೋಗುತ್ತದೆ’ ಎಂಬ ಮಾತು ವಂಚಕರಿಗೂ ಬಹಳ ಪ್ರಿಯ. ಇಂಥ ಇ–ಮೇಲ್ ಬಂದರೆ ಅದರೊಳಗಿನ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನೀವೇ ಟೈಪ್ ಮಾಡಿ ಖಾತೆಗೆ ಹೋಗಿ. ಎಚ್ಚರಿಕೆ ನಿಜವಾಗಿದ್ದರೆ ಅಲ್ಲಿಯೂ ಕಾಣಿಸುತ್ತದೆ, ‘Birthday’ ಸಾಲಿನಲ್ಲಿ ತಪ್ಪು ದಿನಾಂಕವೂ ಇರುತ್ತದೆ. ಅಲ್ಲಿ ಎಲ್ಲ ಸರಿಯಿದ್ದರೆ ಆ ಪತ್ರ ಬಲೆ.

ದಿನ ಮತ್ತು ತಿಂಗಳು ಅದಲು ಬದಲಾದಾಗ

ಇಸವಿ ಸರಿಯಿದ್ದೂ ಸಿಕ್ಕಿಬೀಳುವ ಒಂದು ಬಗೆಯಿದೆ. 2007ರ ಮಾರ್ಚ್ 9ರಂದು ಹುಟ್ಟಿದ ಯುವತಿಯೊಬ್ಬಳು 09/03/2007 ಎಂದು ಬರೆದಳು ಎಂದುಕೊಳ್ಳಿ. ಆ ನಮೂನೆ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುವಂಥದ್ದು. ಅದು ಸೆಪ್ಟೆಂಬರ್ 3 ಎಂದು ದಾಖಲಾಯಿತು. ಅವಳಿಗೆ 18 ತುಂಬಿದ್ದು 2025ರ ಮಾರ್ಚ್ 9ಕ್ಕೆ, ಆ ಸೇವೆಯ ಲೆಕ್ಕದಲ್ಲಿ ಸೆಪ್ಟೆಂಬರ್ 3ಕ್ಕೆ. ನಡುವಿನ 178 ದಿನ ಅವಳು ವಯಸ್ಕಳಾಗಿದ್ದೂ ಅಪ್ರಾಪ್ತಳು. ಇಸವಿಯನ್ನು ಮಾತ್ರ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ನೀವು ಹುಟ್ಟಿದ ದಿನ 13 ಅಥವಾ ಅದಕ್ಕಿಂತ ಮುಂದಿನದಾದರೆ ಈ ಗೊಂದಲ ಆಗದು. ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ನಮೂನೆಯೇ ತಡೆಯುತ್ತದೆ. 1ರಿಂದ 12ರೊಳಗೆ ಹುಟ್ಟಿದವರು ತಿಂಗಳು ಅಕ್ಷರದಲ್ಲಿ ಕಾಣುವ ಪುಟದಲ್ಲಿ ಒಮ್ಮೆ ಪರಿಶೀಲಿಸಿಕೊಳ್ಳಿ. ಕಾದರೆ ತಾನಾಗಿಯೇ ಸರಿಹೋಗುತ್ತದಲ್ಲ ಎಂದು ಬಿಡಬೇಡಿ. ಮುಂದೆ ಎಂದಾದರೂ ಚೀಟಿ ತೋರಿಸಬೇಕಾಗಿ ಬಂದಾಗ ಎರಡು ದಿನಾಂಕ ಹೊಂದದೆ ಅಲ್ಲಿ ಇನ್ನೊಂದು ತೊಡಕು ಏಳುತ್ತದೆ.

ಬೇರೆ ಸೇವೆಗಳಲ್ಲಿ

ಆ್ಯಪಲ್ ಖಾತೆಯ ದಿನಾಂಕವನ್ನು account.apple.com ಎಂಬಲ್ಲಿ ವೈಯಕ್ತಿಕ ಮಾಹಿತಿಯ ಅಡಿಯಲ್ಲಿ ತಿದ್ದಬಹುದು. ಆದರೆ ಮಗುವಿನ ಖಾತೆ ಎಂದು ಕುಟುಂಬದ ಗುಂಪಿಗೆ ಸೇರಿಬಿಟ್ಟಿದ್ದರೆ ಆ ಗುಂಪಿನ ಪೋಷಕರ ಸಹಾಯ ಬೇಕು. ಮೈಕ್ರೋಸಾಫ್ಟ್ ಖಾತೆಗೆ account.microsoft.com. ಅಲ್ಲಿ ತಪ್ಪು ಬಯಲಾಗುವುದು ಹೆಚ್ಚಾಗಿ ಆಟಗಳಲ್ಲಿ: ಮೈನ್‌ಕ್ರಾಫ್ಟ್‌ನಲ್ಲಿ ಇತರರೊಂದಿಗೆ ಸೇರಿ ಆಡಲು ಬಿಡದಿದ್ದರೆ ಮೊದಲು ಜನ್ಮದಿನಾಂಕವನ್ನೇ ನೋಡಿ. ಇನ್‌ಸ್ಟಾಗ್ರಾಮ್ ದಿನಾಂಕ ಬದಲಿಸಲು ಕೆಲವೇ ಅವಕಾಶಗಳನ್ನು ಕೊಡುತ್ತದೆ. ಹದಿನೆಂಟರ ಕೆಳಗಿನಿಂದ ಮೇಲಕ್ಕೆ ಬದಲಿಸುವವರಿಂದ ಗುರುತಿನ ಚೀಟಿ ಅಥವಾ ಮುಖದ ವಿಡಿಯೊ ಕೇಳುತ್ತದೆ.

ತಿದ್ದುವ ಪುಟವೇ ಇಲ್ಲದ ಸಣ್ಣ ಸೇವೆಗಳೂ ಇವೆ. ಅಲ್ಲಿ ಅವರ ಅಧಿಕೃತ ಸಹಾಯ ಪುಟದಿಂದ ಬರೆಯಬೇಕು. ದೂರಿನ ದೀರ್ಘ ಕಥೆಗಿಂತ, ಓದುವವರು ಒಂದೇ ನೋಟದಲ್ಲಿ ಕೆಲಸ ಮಾಡಬಲ್ಲ ನಾಲ್ಕು ಸಾಲು ಸಾಕು:

> ನನ್ನ ಖಾತೆಯ ಹೆಸರು: (ನಿಮ್ಮ ಖಾತೆಗೆ ಜೋಡಿಸಿದ ಇ–ಮೇಲ್ ವಿಳಾಸ).
> ನೋಂದಣಿಯಾದಾಗ ನಮೂದಾದ ದಿನಾಂಕ 14 ಜುಲೈ 2008. ಸರಿಯಾದ ದಿನಾಂಕ 14 ಜುಲೈ 1978.
> ಖಾತೆಯನ್ನು ಮನೆಯವರು ತೆರೆದುಕೊಟ್ಟಾಗ ಇಸವಿ ತಪ್ಪಾಗಿದೆ. ಇದರಿಂದ ಪಾವತಿಯ ಸೌಲಭ್ಯ ತೆರೆಯುತ್ತಿಲ್ಲ.
> ಸರಿಯಾದ ದಿನಾಂಕವಿರುವ ಸರ್ಕಾರಿ ಗುರುತಿನ ಚೀಟಿ ನನ್ನ ಬಳಿಯಿದೆ. ಅದನ್ನು ಸುರಕ್ಷಿತವಾಗಿ ಸಲ್ಲಿಸುವ ಪುಟವನ್ನು ತಿಳಿಸಿ.

ಮೊದಲ ಪತ್ರದಲ್ಲೇ ಚೀಟಿಯನ್ನು ಲಗತ್ತಿಸದಿರುವುದನ್ನು ಗಮನಿಸಿ. ಸಂಸ್ಥೆಗೆ ನಿಮ್ಮ ಖಾತೆಗೆ ಜೋಡಿಸಿದ ವಿಳಾಸದಿಂದಲೇ ಬರೆಯಿರಿ. ಬೇರೆ ವಿಳಾಸದಿಂದ ಬಂದ ಪತ್ರವನ್ನು ಅವರು ನಂಬುವುದಿಲ್ಲ, ನಂಬಲೂಬಾರದು. ಉತ್ತರದಲ್ಲಿ ಬಂದ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಮುಂದಿನ ಪತ್ರಗಳನ್ನು ಅದರಡಿಯಲ್ಲೇ ಮುಂದುವರಿಸಿ. ಪ್ರತಿ ಸಲವೂ ಹೊಸ ದೂರು ಕೊಟ್ಟರೆ ಪ್ರತಿ ಸಲವೂ ಹೊಸಬರು ಮೊದಲಿನಿಂದ ಓದುತ್ತಾರೆ.

ತಿದ್ದಿದ ಮೇಲೆ

ದಿನಾಂಕ ಸರಿಯಾದರೂ ಮೊಬೈಲಿನಲ್ಲಿ ಹಳೆಯ ತಡೆ ಸ್ವಲ್ಪ ಹೊತ್ತು ಉಳಿದಿರಬಹುದು. ಖಾತೆಯಿಂದ ಹೊರಬಂದು ಮತ್ತೆ ಒಳಹೋಗಿ, ಮೊದಲು ತೆರೆಯದಿದ್ದ ಅದೇ ವಿಡಿಯೊವನ್ನು ತೆರೆದು ನೋಡಿ. ಹಿಂದೆ ಏರಿಸಿದ ವಿಡಿಯೊಗಳು ಖಾಸಗಿಯಾಗಿ ಉಳಿದಿದ್ದರೆ ತಾವಾಗಿ ಸಾರ್ವಜನಿಕವಾಗುವುದಿಲ್ಲ; ಒಂದೊಂದನ್ನೂ ನೀವೇ ಬದಲಿಸಬೇಕು. ಜನ್ಮದಿನಾಂಕದ ಪುಟದಲ್ಲಿಯೇ ಅದನ್ನು ಯಾರು ನೋಡಬಹುದು ಎಂಬ ಆಯ್ಕೆಯೂ ಇದೆ. ನಿಜವಾದ ದಿನಾಂಕ ಎಲ್ಲರಿಗೂ ಕಾಣುತ್ತದೆ ಎಂಬ ಅಂಜಿಕೆಯಿಂದ ಸುಳ್ಳು ಇಸವಿ ಬರೆದವರು ಇಲ್ಲಿ ‘Only you’ ಎಂಬುದನ್ನು ಆರಿಸಿದರೆ ಸಾಕಿತ್ತು. ಅತ್ತಿಗೆಯೂ ಅದನ್ನೇ ಆರಿಸಿದರು. ನಂತರ ಮಗನನ್ನು ಕರೆದು, ಅವನು ತೆರೆದುಕೊಟ್ಟಿದ್ದ ಅಜ್ಜಿಯ ಖಾತೆಯ ಜನ್ಮದಿನಾಂಕದ ಪುಟವನ್ನೂ ಅವನ ಕೈಯಿಂದಲೇ ತೆರೆಸಿದರು.